ಉಪಕಥೆ ಬಂದು ಮುಖ್ಯಕಥೆಗೆ ಢಿಕ್ಕಿ ಹೊಡೆಯುವ ಜಾಗ

ಕಾದಂಬರಿ ಓದುವಾಗ ನಾನು ಒಂದು ವಿಷಯ ಗಮನಿಸುತ್ತಾ ಬಂದಿದ್ದೇನೆ. ಮುಖ್ಯಕಥೆ ಕಾವೇರಿದ ಹೊತ್ತಿಗೆ ಸರಿಯಾಗಿ ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಉಪಕಥೆಯ ಜನ ಬರುತ್ತಾರೆ. ಆಗ ನನ್ನ ಬೆರಳು ತಾನಾಗಿಯೇ ಮುಂದಿನ ಪುಟಗಳನ್ನು ತಿರುವಿ ನೋಡುತ್ತದೆ. ಇವರದು ಇನ್ನೆಷ್ಟು ಪುಟ ಇದೆ, ಅವರು ಮತ್ತೆ ಯಾವಾಗ ಬರುತ್ತಾರೆ ಅಂತ. ಕೆಲವು ಪುಸ್ತಕಗಳಲ್ಲಿ ಮಾತ್ರ ಹೀಗಾಗುವುದಿಲ್ಲ. ಅಲ್ಲಿ ಉಪಕಥೆಯ ಅಧ್ಯಾಯ ಶುರುವಾದರೆ ಎದೆ ಇನ್ನೂ ಜಾಸ್ತಿ ಹೊಡೆದುಕೊಳ್ಳುತ್ತದೆ. ಎರಡೂ ಬಗೆಯ ಪುಸ್ತಕಗಳಲ್ಲಿ ಉಪಕಥೆಯನ್ನು ಚೆನ್ನಾಗಿಯೇ ಬರೆದಿರುತ್ತಾರೆ. ಎರಡರಲ್ಲೂ ಅದು ಮುಖ್ಯಕಥೆಯನ್ನೇ ಹೋಲುತ್ತಿರುತ್ತದೆ. ಅಲ್ಲಿ ಒಬ್ಬ ತಂದೆ ಮಗ, ಇಲ್ಲೂ ಒಬ್ಬ ತಂದೆ ಮಗ. ಅಲ್ಲೊಂದು ಮೋಸ, ಇಲ್ಲೊಂದು ಮೋಸ. ಹಾಗಾದರೆ ಒಂದು ಕಡೆ ಪುಟ ಹಾರಿಸುವ ಮನಸ್ಸಾಗುವುದು, ಇನ್ನೊಂದು ಕಡೆ ಉಸಿರು ಬಿಗಿಹಿಡಿದು ಓದುವುದು ಯಾಕೆ?

ನನಗೆ ಈಗ ಅನ್ನಿಸುವುದು ಇಷ್ಟು. ಹೋಲಿಕೆ ಒಂದೇ ಇದ್ದರೆ ಸಾಲದು. ಈ ಜನ ಇವತ್ತಲ್ಲ ನಾಳೆ ಆ ಜನರಿಗೆ ಏನೋ ಮಾಡಲಿದ್ದಾರೆ ಎಂಬ ಆತಂಕ ಓದುಗನಿಗೆ ಬೇಗ ಹತ್ತಬೇಕು. ಆ ಆತಂಕ ಕೊನೆಗೆ ನಿಜವೂ ಆಗಬೇಕು. ಇದನ್ನು ಒಳಗಿನಿಂದ ಬಿಚ್ಚಿ ನೋಡಲು ನಾನು ಮತ್ತೆ ಮತ್ತೆ ಹೋಗುವುದು ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕಕ್ಕೆ. ಕಥೆಯನ್ನು ಪೂರ್ತಿ ಹೇಳುತ್ತಾ ಕೂರುವುದಿಲ್ಲ, ಇಷ್ಟು ಸಾಕು. ಮುದಿ ರಾಜ ಲಿಯರ್ ಒಳ್ಳೆಯ ಮಗಳು ಕಾರ್ಡೀಲಿಯಾಳನ್ನು ಓಡಿಸಿ ಕೆಟ್ಟ ಹೆಣ್ಣುಮಕ್ಕಳಾದ ಗಾನರಿಲ್ ಮತ್ತು ರೀಗನ್ ಇಬ್ಬರನ್ನು ನಂಬುತ್ತಾನೆ. ಅವನ ಆಸ್ಥಾನದ ಸರದಾರ ಗ್ಲಾಸ್ಟರ್ ಒಳ್ಳೆಯ ಮಗ ಎಡ್ಗರ್‌ನನ್ನು ಓಡಿಸಿ ಕೆಟ್ಟವನಾದ ಎಡ್ಮಂಡ್‌ನನ್ನು ನಂಬುತ್ತಾನೆ. ಈ ನಾಟಕದ ವಿಷಯದಲ್ಲಿ ನಮಗೆ ಒಂದು ಅಪರೂಪದ ಅನುಕೂಲವೂ ಇದೆ. ಉಪಕಥೆ ಇಲ್ಲದ ಲಿಯರ್ ನಾಟಕವೊಂದು ಇದಕ್ಕೂ ಮೊದಲೇ ಇತ್ತು. ಅದು 1605ರಲ್ಲಿ ಅಚ್ಚಾಯಿತು. ಅದರಲ್ಲಿ ಗ್ಲಾಸ್ಟರ್ ಮನೆತನವೇ ಇಲ್ಲ. ಕೊನೆಗೆ ರಾಜನಿಗೆ ರಾಜ್ಯ ವಾಪಸು ಸಿಗುತ್ತದೆ, ಒಳ್ಳೆಯ ಮಗಳೂ ಬದುಕಿರುತ್ತಾಳೆ. ಗ್ಲಾಸ್ಟರ್‌ನ ಕಥೆ ಬಂದದ್ದು ಬೇರೆಯದೇ ಪುಸ್ತಕದಿಂದ. 1590ರಲ್ಲಿ ಅಚ್ಚಾದ ಫಿಲಿಪ್ ಸಿಡ್ನಿಯ ‘ಆರ್ಕೇಡಿಯಾ’ದಲ್ಲಿ, ಕೆಟ್ಟ ಮಗನಿಂದ ಕಣ್ಣು ಕಳೆದುಕೊಂಡು, ತಾನೇ ದೂರ ಮಾಡಿದ್ದ ಮಗನ ಕೈಹಿಡಿದು ನಡೆಯುವ ರಾಜನೊಬ್ಬನಿದ್ದಾನೆ. ಈ ಎರಡು ಕಥೆಗಳನ್ನು ಒಟ್ಟಿಗೆ ನೇಯ್ದ ಮೇಲೆ ಸುಖಾಂತ್ಯ ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಎನ್ನುವುದರಲ್ಲೇ ನನಗೆ ಬೇಕಾದ ಉತ್ತರವಿದೆ.

ಒಂದೇ ತಪ್ಪು, ಬೇರೆ ದಾರಿ

ಮೊದಲ ಅಂಕದ ಎರಡನೇ ದೃಶ್ಯವನ್ನು ಹತ್ತಿರದಿಂದ ನೋಡೋಣ. ಗ್ಲಾಸ್ಟರ್ ಒಳಗೆ ಬರುವುದೇ ರಾಜನ ಅವಸರದ ಬಗ್ಗೆ ಗೊಣಗುತ್ತಾ. ನಿಷ್ಠಾವಂತ ಸರದಾರ ಕೆಂಟ್‌ನನ್ನು ಹೀಗೆ ಗಡೀಪಾರು ಮಾಡುವುದೇ, ಫ್ರಾನ್ಸಿನ ರಾಜ ಸಿಟ್ಟಿನಲ್ಲಿ ಹೋಗುವುದೇ, ಎಲ್ಲ ಇಷ್ಟು ದಿಢೀರ್ ಅಂತ ಆಗುವುದೇ ಅಂತ. ಅಷ್ಟರಲ್ಲಿ ಎಡ್ಮಂಡ್ ಒಂದು ಕಾಗದವನ್ನು ಅವಸರದಲ್ಲಿ ಜೇಬಿಗೆ ತುರುಕುತ್ತಾನೆ, ಅಪ್ಪನಿಗೆ ಕಾಣಲಿ ಅಂತಲೇ. ಏನು ಓದ್ತಿದ್ದೆ ಅಂದರೆ ಏನೂ ಇಲ್ಲ ಅನ್ನುತ್ತಾನೆ. ಹಿಂದಿನ ದೃಶ್ಯದಲ್ಲಿ ಕಾರ್ಡೀಲಿಯಾ ತನ್ನಪ್ಪನಿಗೆ ಕೊಟ್ಟ ಉತ್ತರವೂ ಇದೇ. ಅವಳು ನಿಜ ಹೇಳಿದ್ದಳು, ಇವನು ಸುಳ್ಳು ಹೇಳುತ್ತಿದ್ದಾನೆ. ರಾಜನ ದುಡುಕನ್ನು ಆಡಿಕೊಂಡ ಮುದುಕ ಕೆಲವೇ ನಿಮಿಷಗಳಲ್ಲಿ ತಾನೂ ಅದೇ ದುಡುಕಿಗೆ ಬೀಳುತ್ತಾನೆ. ಎಡ್ಗರ್ ಹೆಸರಿನಲ್ಲಿದ್ದ ಒಂದೇ ಒಂದು ಕಾಗದ ಓದಿ, ಆ ಮಗನ ಮುಖವನ್ನೂ ನೋಡದೆ, ಅವನನ್ನು ದ್ರೋಹಿ ಅಂದುಬಿಡುತ್ತಾನೆ.

ಹೋಲಿಕೆ ಇಷ್ಟೇ ಆಗಿದ್ದರೆ ಅದು ನಕಲು ಆಗುತ್ತಿತ್ತು. ಇಲ್ಲಿ ಶೇಕ್ಸ್‌ಪಿಯರ್ ವ್ಯತ್ಯಾಸವನ್ನೂ ಅಷ್ಟೇ ಎಚ್ಚರದಿಂದ ಇಟ್ಟಿದ್ದಾನೆ. ಲಿಯರ್‌ಗೆ ಯಾರೂ ಬಲೆ ಹಾಕಿರಲಿಲ್ಲ. ತುಂಬಿದ ಸಭೆಯಲ್ಲಿ, ನಕ್ಷೆ ಮುಂದಿಟ್ಟುಕೊಂಡು, ಯಾರು ನನ್ನನ್ನು ಜಾಸ್ತಿ ಪ್ರೀತಿಸುತ್ತೀರಿ ಅಂತ ಅವನೇ ಕೇಳಿದ. ಬಲೆಯೂ ಅವನದೇ, ಸಿಕ್ಕಿಬಿದ್ದವನೂ ಅವನೇ. ಗ್ಲಾಸ್ಟರ್ ಮನೆಯೊಳಗೆ, ಗುಟ್ಟಾಗಿ, ಇನ್ನೊಬ್ಬರು ಹೆಣೆದ ಮೋಸಕ್ಕೆ ಬೀಳುತ್ತಾನೆ. ಒಬ್ಬನ ತಪ್ಪು ಅಹಂಕಾರದ್ದು, ಇನ್ನೊಬ್ಬನದು ಸುಲಭವಾಗಿ ನಂಬಿಬಿಡುವ ಗುಣದ್ದು. ಮುಂದೆ ಒಬ್ಬ ಬುದ್ಧಿ ಕಳೆದುಕೊಳ್ಳುತ್ತಾನೆ, ಇನ್ನೊಬ್ಬ ಕಣ್ಣು ಕಳೆದುಕೊಳ್ಳುತ್ತಾನೆ. ಎರಡು ಕಥೆಗಳಿಗೂ ಪ್ರಶ್ನೆ ಒಂದೇ. ತನ್ನ ಮಕ್ಕಳಲ್ಲಿ ಯಾರು ಎಂಥವರು ಅಂತ ತಂದೆಗೆ ಯಾಕೆ ತಿಳಿಯುವುದಿಲ್ಲ? ಉತ್ತರ ಮಾತ್ರ ಬೇರೆ ಬೇರೆ. ಉಪಕಥೆಯೂ ಅದೇ ಉತ್ತರವನ್ನು ಹೇಳಿದ್ದರೆ ನಾವು ಒಂದೇ ಮಾತನ್ನು ಎರಡು ಸಲ ಕೇಳಿದಂತಾಗುತ್ತಿತ್ತು. ಪುಟ ಹಾರಿಸುವ ಆಸೆ ಹುಟ್ಟುವುದು ಅಲ್ಲೇ ಅಂತ ನನಗೆ ಈಗ ಅರ್ಥವಾಗಿದೆ.

ಹೋಲಿಕೆಯನ್ನು ಬಾಯಿಬಿಟ್ಟು ಹೇಳಬಹುದೇ?

ಬರೆಯುವವರಿಗೆ ಸಾಮಾನ್ಯವಾಗಿ ಕೊಡುವ ಸಲಹೆ ಒಂದಿದೆ. ಎರಡು ಕಥೆಗಳ ನಡುವಿನ ಹೋಲಿಕೆಯನ್ನು ಪಾತ್ರಗಳ ಬಾಯಲ್ಲಿ ಹೇಳಿಸಬೇಡಿ, ಓದುಗರೇ ಕಂಡುಕೊಳ್ಳಲಿ ಅಂತ. ನಾನೂ ಒಪ್ಪುತ್ತೇನೆ. ‘ನಿನ್ನ ಕಥೇನೂ ನನ್ನ ಥರಾನೇ ಅಲ್ವಾ’ ಅಂತ ಪಾತ್ರವೊಂದು ನಿಟ್ಟುಸಿರು ಬಿಟ್ಟ ತಕ್ಷಣ ಲೇಖಕರ ಕೈ ಕಾಣಿಸಿಬಿಡುತ್ತದೆ. ಆದರೆ ಲಿಯರ್ ನಾಟಕದಲ್ಲಿ ಗ್ಲಾಸ್ಟರ್ ಸರಿಯಾಗಿ ಇದನ್ನೇ ಹೇಳುತ್ತಾನೆ, ಆದರೂ ದೃಶ್ಯ ಕೆಡುವುದಿಲ್ಲ.

ಅದು ಮೂರನೇ ಅಂಕ, ಬಿರುಗಾಳಿಯ ರಾತ್ರಿ. ಲಿಯರ್‌ನ ಬುದ್ಧಿ ಹಳಿ ತಪ್ಪುತ್ತಿದೆ. ಅವನ ಜೊತೆ ಒಬ್ಬ ಸೇವಕನಿದ್ದಾನೆ. ಅವನು ವೇಷ ಮರೆಸಿಕೊಂಡ ಕೆಂಟ್. ಗುಡಿಸಲಿನ ಹತ್ತಿರ ಒಬ್ಬ ಹುಚ್ಚು ಭಿಕ್ಷುಕನಿದ್ದಾನೆ. ಅವನು ವೇಷ ಮರೆಸಿಕೊಂಡ ಎಡ್ಗರ್. ಪಂಜು ಹಿಡಿದು ಗ್ಲಾಸ್ಟರ್ ಬರುತ್ತಾನೆ. ಬಂದವನು ಕೆಂಟ್‌ನ ಎದುರೇ ನಿಂತು, ಪಾಪ ಆ ಒಳ್ಳೆಯ ಕೆಂಟ್ ಹೀಗಾಗುತ್ತದೆ ಅಂತ ಆಗಲೇ ಹೇಳಿದ್ದ ಅನ್ನುತ್ತಾನೆ. ಆಮೇಲೆ, ರಾಜನಿಗೆ ಹುಚ್ಚು ಹಿಡಿಯುತ್ತಿದೆ ಅಂತೀಯಲ್ಲ, ನನಗೂ ಹೆಚ್ಚುಕಮ್ಮಿ ಹಿಡಿದಂತೆಯೇ, ನನಗೂ ಒಬ್ಬ ಮಗನಿದ್ದ, ಅವನು ನನ್ನ ಜೀವವನ್ನೇ ತೆಗೆಯಲು ಹೊರಟಿದ್ದ ಅಂತ ಸಂಕಟಪಡುತ್ತಾನೆ. ಆ ಮಗ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಾನೆ.

ಗ್ಲಾಸ್ಟರ್ ತನಗೂ ರಾಜನಿಗೂ ಇರುವ ಹೋಲಿಕೆಯನ್ನು ಹೇಳುತ್ತಿದ್ದಾನೆ ನಿಜ, ಆದರೆ ತಪ್ಪಾಗಿ ಹೇಳುತ್ತಿದ್ದಾನೆ. ಇಬ್ಬರಿಗೂ ಮಕ್ಕಳು ದ್ರೋಹ ಮಾಡಿದರು ಎನ್ನುವುದು ಅವನ ಲೆಕ್ಕ. ಆ ದ್ರೋಹಿ ಯಾರು ಎನ್ನುವುದೇ ಅವನಿಗೆ ಗೊತ್ತಿಲ್ಲ. ಇಬ್ಬರೂ ಒಳ್ಳೆಯವರನ್ನೇ ಓಡಿಸಿದವರು ಎನ್ನುವ ನಿಜವಾದ ಹೋಲಿಕೆ ನಮಗೆ ಕಾಣುತ್ತದೆ, ಎಡ್ಗರ್‌ಗೆ ಕಾಣುತ್ತದೆ, ಅವನಿಗೆ ಮಾತ್ರ ಕಾಣುವುದಿಲ್ಲ. ಅದಕ್ಕೇ ಆ ಮಾತು ವಿವರಣೆಯ ಹಾಗೆ ಕೇಳಿಸದೆ ಗಾಯದ ಹಾಗೆ ಕೇಳಿಸುತ್ತದೆ. ಹಾಗಾಗಿ ಆ ಸಲಹೆಯನ್ನು ನಾನು ಸ್ವಲ್ಪ ತಿದ್ದಿಕೊಂಡಿದ್ದೇನೆ. ಪಾತ್ರ ಹೋಲಿಕೆಯನ್ನು ಹೇಳಲಿ, ಆದರೆ ಅರ್ಧ ತಿಳಿದು ಹೇಳಲಿ. ಉಳಿದರ್ಧ ಗೊತ್ತಿರುವ ಒಬ್ಬರು ಪಕ್ಕದಲ್ಲಿ ಬಾಯಿ ಬಿಡಲಾಗದೆ ನಿಂತಿರಲಿ.

ಓಡಾಡುವ ದಾರಿ ಬೇಕು

ಎರಡು ಕಥೆಗಳು ಕೊನೆಯಲ್ಲಿ ಢಿಕ್ಕಿ ಹೊಡೆಯಬೇಕಾದರೆ ಅವುಗಳ ನಡುವೆ ಮೊದಲಿನಿಂದಲೂ ಓಡಾಟದ ದಾರಿ ಇರಬೇಕು. ಲಿಯರ್‌ನಲ್ಲಿ ಮೊದಲ ದಾರಿ ಒಂದು ಮನೆ. ಅಪ್ಪ ಬಂದು ಉಳಿದುಕೊಳ್ಳದಿರಲಿ ಅಂತಲೇ ರೀಗನ್ ತನ್ನ ಮನೆ ಬಿಟ್ಟು ಗಂಡ ಕಾರ್ನ್‌ವಾಲ್‌ನ ಜೊತೆ ಗ್ಲಾಸ್ಟರ್‌ನ ಮನೆಗೆ ಬರುತ್ತಾಳೆ. ಲಿಯರ್ ಅಲ್ಲಿಗೇ ಹುಡುಕಿಕೊಂಡು ಬರುತ್ತಾನೆ. ಅವನ ಪಾಲಿಗೆ ಮುಚ್ಚಿಕೊಳ್ಳುವ ಬಾಗಿಲು ಮಗಳ ಮನೆಯದಲ್ಲ, ಗ್ಲಾಸ್ಟರ್‌ನದು. ತನ್ನ ಮನೆಯ ಬಾಗಿಲನ್ನೇ ಹಾಕು ಅಂತ ಅತಿಥಿಯಾಗಿ ಬಂದ ಕಾರ್ನ್‌ವಾಲ್ ಆಜ್ಞೆ ಮಾಡುವಾಗ ಗ್ಲಾಸ್ಟರ್ ಸುಮ್ಮನೆ ಪ್ರೇಕ್ಷಕನಾಗಿ ಉಳಿಯುವ ಹಾಗಿಲ್ಲ. ರಾಜನ ಕಡೆಯೋ, ಬಾಗಿಲು ಹಾಕಿಸಿದವರ ಕಡೆಯೋ, ಆರಿಸಿಕೊಳ್ಳಲೇಬೇಕು.

ಎರಡನೆಯ ದಾರಿ ಕಾಗದ. ಎಡ್ಮಂಡ್‌ನ ಮೋಸ ಶುರುವಾಗಿದ್ದು ಒಂದು ಸುಳ್ಳು ಕಾಗದದಿಂದ. ಮೂರನೇ ಅಂಕದಲ್ಲಿ ಗ್ಲಾಸ್ಟರ್ ನಿಜವಾದ ಕಾಗದವೊಂದರ ವಿಷಯವನ್ನು ಎಡ್ಮಂಡ್‌ಗೆ ನಂಬಿ ಹೇಳುತ್ತಾನೆ. ರಾಜನ ಪರವಾಗಿ ಸೈನ್ಯ ಬರುತ್ತಿದೆ, ಕಾಗದವನ್ನು ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದೇನೆ ಅಂತ. ಎಡ್ಮಂಡ್ ಅದನ್ನು ಕಾರ್ನ್‌ವಾಲ್‌ಗೆ ಒಪ್ಪಿಸುತ್ತಾನೆ. ಗ್ಲಾಸ್ಟರ್‌ನ ಕಣ್ಣು ಹೋಗುವುದು ರಾಜನಿಗೆ ನೆರವಾದದ್ದಕ್ಕೆ, ಹಿಡಿದುಕೊಟ್ಟವನು ತಾನು ನಂಬಿದ ಮಗ. ಒಂದೇ ಘಟನೆ ಎರಡೂ ಕಥೆಗಳಿಗೆ ಸೇರಿದೆ. ಅದನ್ನು ಯಾವುದರಿಂದ ಕಿತ್ತರೂ ಇನ್ನೊಂದು ಹರಿಯುತ್ತದೆ. ಅಷ್ಟೇ ಅಲ್ಲ, ಕಣ್ಣು ಕೀಳುವುದನ್ನು ತಡೆಯಲು ಹೋದ ಸೇವಕನೊಬ್ಬ ಕಾರ್ನ್‌ವಾಲ್‌ಗೆ ಕೊಟ್ಟ ಏಟಿನಿಂದ ಅವನು ಸಾಯುತ್ತಾನೆ. ರೀಗನ್ ವಿಧವೆಯಾಗುತ್ತಾಳೆ. ವಿಧವೆಯಾದ್ದರಿಂದ ಎಡ್ಮಂಡ್‌ನನ್ನು ಮದುವೆಯಾಗುವ ದಾರಿ ಅವಳಿಗೆ ತೆರೆಯುತ್ತದೆ. ಅದೇ ಎಡ್ಮಂಡ್ ಮೇಲೆ ಕಣ್ಣಿಟ್ಟಿದ್ದ ಗಾನರಿಲ್‌ಗೆ ದಿಗಿಲು ಹುಟ್ಟುತ್ತದೆ. ಅಪ್ಪನ ವಿರುದ್ಧ ಒಂದಾಗಿದ್ದ ಅಕ್ಕತಂಗಿಯರನ್ನು ಒಡೆದದ್ದು ಉಪಕಥೆಯ ಒಬ್ಬ ಹುಡುಗ.

ಮೂರನೆಯದೇ ಮುಖ್ಯ, ಎಡ್ಮಂಡ್‌ನ ಆಸೆ. ಅವನು ಲಿಯರ್‌ನನ್ನು ಕೆಡಿಸಲು ಹೊರಟವನೇ ಅಲ್ಲ. ಮೊದಲು ಅಣ್ಣನ ಜಮೀನು ಬೇಕಾಗಿತ್ತು. ಅದು ಸಿಕ್ಕ ಮೇಲೆ ಅಪ್ಪನ ಪದವಿ. ಅದೂ ಸಿಕ್ಕ ಮೇಲೆ ರಾಜ್ಯವೇ ಕೈಗೆಟಕುವಷ್ಟು ಹತ್ತಿರ ಬಂತು. ಪ್ರತಿ ಮೆಟ್ಟಿಲೂ ಸಹಜ. ಆ ಕೊನೆಯ ಮೆಟ್ಟಿಲಿಗೆ ಅಡ್ಡ ನಿಂತವರು ಯುದ್ಧದಲ್ಲಿ ಸೋತು ಸೆರೆಯಾಗಿದ್ದ ಲಿಯರ್ ಮತ್ತು ಕಾರ್ಡೀಲಿಯಾ. ಗಾನರಿಲ್‌ಳ ಗಂಡ ಆಲ್ಬನಿ ಅವರಿಗೆ ಕ್ಷಮೆ ಕೊಡುವವನಿದ್ದ. ಹಾಗಾಗಿ ಅವನಿಗಿಂತ ಮೊದಲೇ ಅವರನ್ನು ಮುಗಿಸುವಂತೆ ಎಡ್ಮಂಡ್ ಆಜ್ಞೆ ಕಳಿಸುತ್ತಾನೆ. ಉಪಕಥೆ ತನ್ನ ಪಾಡಿಗೆ ತಾನು ಬೆಳೆಯುತ್ತಾ ಬಂದು ಮುಖ್ಯಕಥೆಯ ಕುತ್ತಿಗೆಗೆ ಕೈ ಹಾಕಿದ್ದು ಹೀಗೆ. ಹಳೆಯ ನಾಟಕದಲ್ಲಿ ಕಾರ್ಡೀಲಿಯಾ ಬದುಕಿದಳು ಅಂದೆನಲ್ಲ, ಅಲ್ಲಿ ಎಡ್ಮಂಡ್ ಇರಲಿಲ್ಲ.

ಒಂದು ಹಸ್ತಪ್ರತಿ

ಗೆಳತಿಯೊಬ್ಬಳು ತನ್ನ ಕಾದಂಬರಿಯ ಹಸ್ತಪ್ರತಿ ಓದಲು ಕೊಟ್ಟಿದ್ದಳು. ಮುಖ್ಯಕಥೆಯಲ್ಲಿ ಒಬ್ಬ ಡಾಕ್ಟರ್. ಗಂಡ ಸತ್ತ ಅಂತ ಮಗಳಿಗೆ ಹೇಳಿಕೊಂಡೇ ಬೆಳೆಸಿದ್ದಾಳೆ, ಅವನು ಬದುಕಿದ್ದಾನೆ. ಮಗಳೂ ಈಗ ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ಡಾಕ್ಟರ್. ಉಪಕಥೆಯಲ್ಲಿ ಒಬ್ಬ ಮುದುಕ ರೋಗಿ. ಕಾಯಿಲೆ ವಾಸಿಯಾಗುವಂಥದ್ದಲ್ಲ ಅಂತ ಅವನಿಗೆ ಹೇಳಬೇಡಿ ಅಂತ ಮಗ ಬೇಡಿಕೊಂಡಿದ್ದಾನೆ. ಎರಡು ಕಡೆಯೂ ಪ್ರೀತಿಯಿಂದಲೇ ಮುಚ್ಚಿಟ್ಟ ನಿಜ. ಹೋಲಿಕೆ ಸೊಗಸಾಗಿತ್ತು. ಆದರೂ ಮುದುಕನ ಅಧ್ಯಾಯ ಬಂದಾಗೆಲ್ಲ ನನ್ನ ಬೆರಳು ಪುಟ ಎಣಿಸುತ್ತಿತ್ತು.

ಇಬ್ಬರೂ ಕೂತು ಒಂದು ಹಾಳೆಯನ್ನು ಎರಡು ಭಾಗ ಮಾಡಿದೆವು. ಎಡಕ್ಕೆ ತಾಯಿ ಮಗಳು, ಬಲಕ್ಕೆ ಮುದುಕ ಮತ್ತು ಮಗ. ಘಟನೆಗಳನ್ನು ಬರೆಯಲಿಲ್ಲ. ಯಾರು ಯಾವ ನಿರ್ಧಾರ ಮಾಡಿದರು ಅಂತ ಮಾತ್ರ ಬರೆದೆವು. ಬಲಗಡೆಯ ನಿರ್ಧಾರದಿಂದ ಎಡಗಡೆಯವರ ನಿರ್ಧಾರ ಬದಲಾದರೆ ಅಲ್ಲೊಂದು ಬಾಣ ಎಳೆಯಬೇಕು, ಎಡದಿಂದ ಬಲಕ್ಕೂ ಹಾಗೆಯೇ. ಹಾಳೆ ತುಂಬಿತು, ಬಾಣ ಒಂದೂ ಬರಲಿಲ್ಲ. ಮುದುಕನನ್ನು ಪೂರ್ತಿ ತೆಗೆದುಹಾಕಿದರೂ ತಾಯಿ ಮಗಳ ಕಥೆಯಲ್ಲಿ ಒಂದು ವಾಕ್ಯವೂ ಬದಲಾಗುತ್ತಿರಲಿಲ್ಲ.

ಅವಳಿಗೆ ತಕ್ಷಣ ಹೊಳೆದ ಪರಿಹಾರ, ಆ ಮುದುಕನೇ ಹುಡುಗಿಯ ತಂದೆ ಅಂತ ಮಾಡಿಬಿಡುವುದು. ಬಹಳ ಜನರಿಗೆ ಮೊದಲು ಹೊಳೆಯುವುದು ಇದೇ. ನಾನು ಬೇಡ ಅಂದೆ. ರಕ್ತಸಂಬಂಧ ಬಯಲಾಗುವುದು ಕಾಕತಾಳೀಯ. ಅದು ಪಾತ್ರಗಳು ಮಾಡಿದ ಕೆಲಸದ ಫಲ ಅಲ್ಲ. ಎಡ್ಮಂಡ್‌ಗೂ ಲಿಯರ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಇರುವುದು ಒಬ್ಬನ ಆಸೆಗೆ ಇನ್ನೊಬ್ಬ ಅಡ್ಡ ಬಂದ ಸಂಗತಿ ಮಾತ್ರ. ಜೊತೆಗೆ, ಮುದುಕ ತಂದೆಯಾಗಿಬಿಟ್ಟರೆ ತಾಯಿ ಹೇಳಬೇಕೋ ಬೇಡವೋ ಅಂತ ನಿರ್ಧರಿಸುವ ಕಷ್ಟವೇ ಇಲ್ಲವಾಗುತ್ತದೆ. ನಿಜ ತಾನಾಗಿ ಹೊರಗೆ ಬೀಳುತ್ತದೆ. ಅಷ್ಟು ಪುಟ ಕಾದದ್ದು ಆ ನಿರ್ಧಾರಕ್ಕೇ ಅಲ್ವಾ?

ಆಮೇಲೆ ದಾರಿಗಳನ್ನು ಹುಡುಕಿದೆವು. ಮನೆಯ ಬದಲು ಆಸ್ಪತ್ರೆ ಮೊದಲೇ ಇತ್ತು. ಕಾಗದದ ಬದಲು ಮುದುಕನ ಫೈಲು ಸಿಕ್ಕಿತು. ಮೊದಲ ಬಾಣ ಎಡದಿಂದ ಬಲಕ್ಕೆ ಬಂತು. ಮುದುಕನ ಮಗ ಬೇಡಿಕೊಂಡದ್ದು ಈ ತಾಯಿಯ ಹತ್ತಿರವೇ ಅಂತಾಯಿತು. ಅವಳು ಒಪ್ಪಿಕೊಳ್ಳುತ್ತಾಳೆ. ಪ್ರೀತಿಗಾಗಿ ಮುಚ್ಚಿಡುವುದು ತಪ್ಪಲ್ಲ ಅಂತ ನಂಬಿಕೊಂಡೇ ಅವಳು ಇಷ್ಟು ವರ್ಷ ಬದುಕಿದ್ದಾಳೆ. ಇಲ್ಲ ಅನ್ನಲು ಅವಳಿಂದ ಆಗುವುದಿಲ್ಲ. ಎರಡನೆಯದು ಬಲದಿಂದ ಎಡಕ್ಕೆ. ರಾತ್ರಿ ಪಾಳಿಯಲ್ಲಿ ಮುದುಕ ಮಗಳನ್ನು ನೇರವಾಗಿ ಕೇಳುತ್ತಾನೆ, ಫೈಲು ನಿನ್ನ ಕೈಯಲ್ಲೇ ಇದೆ, ಏನಿದೆ ಹೇಳಮ್ಮ ಅಂತ. ಅವಳು ಹೇಳಿಬಿಡುತ್ತಾಳೆ. ಮುದುಕ ಅಳುವುದಿಲ್ಲ, ಮಗನ ಮೇಲೆ ಕೆರಳುತ್ತಾನೆ. ನನ್ನ ಕೊನೆಯ ದಿನಗಳನ್ನು ಹೇಗೆ ಕಳೆಯಬೇಕು ಅಂತ ನೀನು ಯಾರೋ ನಿರ್ಧರಿಸೋಕೆ ಅಂತ. ಮಗ ಬಂದು ತಾಯಿಯ ಹತ್ತಿರ ದೂರು ಕೊಡುತ್ತಾನೆ.

ಈಗ ತಾಯಿ ಮಗಳು ಎದುರುಬದುರು. ತಾಯಿ ಹಿರಿಯ ಡಾಕ್ಟರ್ ಆಗಿ ಬೈಯಬೇಕು. ಬೈಯುತ್ತಾಳೆ. ಮುಚ್ಚಿಡುವುದೂ ಒಂದು ದಯೆ ಅಂತ ವಾದಿಸುತ್ತಾಳೆ. ಮಗಳಿಗೆ ತನ್ನ ತಂದೆಯ ವಿಷಯ ಏನೂ ಗೊತ್ತಿಲ್ಲ. ಅವಳು ಮುದುಕನ ಬಗ್ಗೆಯೇ ಮಾತಾಡುತ್ತಾ, ‘ನನಗೆ ಯಾರಾದರೂ ಹೀಗೆ ಮಾಡಿದ್ದಿದ್ರೆ ನಾನು ಅವರ ಮುಖ ನೋಡ್ತಿರ್ಲಿಲ್ಲ ಅಮ್ಮ’ ಅನ್ನುತ್ತಾಳೆ. ಹಿಂದಿನ ಪ್ರತಿಯಲ್ಲಿ ತಾಯಿ ಮುಂದಿನ ಅಧ್ಯಾಯದಲ್ಲೇ ನಿಜ ಹೇಳುವವಳಿದ್ದಳು, ಮಗಳು ಅತ್ತು ಕ್ಷಮಿಸುವವಳಿದ್ದಳು. ಈಗ ಆ ದಾರಿ ಮುಚ್ಚಿಹೋಯಿತು. ಹೇಳಿದರೆ ಮಗಳನ್ನು ಕಳೆದುಕೊಳ್ಳಬೇಕು, ಹೇಳದಿದ್ದರೆ ಅವಳ ಕಣ್ಣೆದುರೇ ದಿನವೂ ಆ ಮಗನ ಹಾಗೆ ಬದುಕಬೇಕು. ಉಪಕಥೆ ಮುಖ್ಯಕಥೆಯ ನಿರ್ಧಾರಕ್ಕೆ ಬೆಲೆ ಏರಿಸಿಬಿಟ್ಟಿತು. ಮಗಳ ಮಾತೂ ಗ್ಲಾಸ್ಟರ್‌ನ ಮಾತಿನ ಹಾಗೆಯೇ ಅರ್ಧ ತಿಳಿದು ಆಡಿದ್ದು. ಉಳಿದರ್ಧ ಗೊತ್ತಿದ್ದವಳು ಮಾತು ಹೊರಡದೆ ನಿಂತಿದ್ದಾಳೆ. ಇದನ್ನು ನಾವು ಯೋಚಿಸಿ ಮಾಡಿದ್ದಲ್ಲ, ಬಾಣಗಳು ಬಂದ ಮೇಲೆ ತಾನಾಗಿಯೇ ಕೂಡಿಬಂತು.

ಉಪಕಥೆ ಗೆದ್ದರೆ ಯಾರು ಸೋಲಬೇಕು

ಢಿಕ್ಕಿ ಅಂದರೆ ಎರಡು ಕಥೆಗಳ ಜನ ಒಂದೇ ಕೋಣೆಯಲ್ಲಿ ಸೇರುವುದು ಅಂತ ನಾನು ಬಹಳ ಕಾಲ ತಿಳಿದಿದ್ದೆ. ಲಿಯರ್‌ನಲ್ಲಿ ಅಂಥ ಭೇಟಿ ನಾಲ್ಕನೇ ಅಂಕದಲ್ಲೇ ಆಗಿಹೋಗುತ್ತದೆ. ಡೋವರ್ ಹತ್ತಿರ ಹುಚ್ಚು ಹಿಡಿದ ರಾಜ, ಕಣ್ಣಿಲ್ಲದ ಗ್ಲಾಸ್ಟರ್ ಮಾತಾಡುತ್ತಾರೆ. ಅದಕ್ಕಿಂತ ನೋವಿನ ದೃಶ್ಯವನ್ನು ನಾನು ಕಂಡಿಲ್ಲ. ಆದರೂ ಅದು ಢಿಕ್ಕಿಯಲ್ಲ, ಎರಡು ದುಃಖಗಳು ಎದುರಾದ ಗಳಿಗೆ ಅಷ್ಟೇ. ಅಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಏನೂ ಬದಲಾಗುವುದಿಲ್ಲ.

ನಿಜವಾದ ಢಿಕ್ಕಿ ಐದನೇ ಅಂಕದಲ್ಲಿದೆ. ಕಾರ್ಡೀಲಿಯಾಳನ್ನು ಕೊಲ್ಲುವ ಆಜ್ಞೆ ಆಗಲೇ ಹೊರಟಿದೆ. ನಾವು ಅದನ್ನು ನೋಡಿದ್ದೇವೆ. ಅಷ್ಟರಲ್ಲಿ ಕಹಳೆ ಊದುತ್ತದೆ. ಮುಖ ಮುಚ್ಚಿಕೊಂಡ ಎಡ್ಗರ್ ಬಂದು ತಮ್ಮನೊಡನೆ ಕತ್ತಿ ಹಿಡಿಯುತ್ತಾನೆ. ಎಡ್ಮಂಡ್ ಬೀಳುತ್ತಾನೆ. ಎಡ್ಗರ್ ಹೆಸರು ಹೇಳುತ್ತಾನೆ. ಅಪ್ಪ ಹೇಗೆ ಸತ್ತ ಅಂತ ನಿಧಾನವಾಗಿ ಹೇಳುತ್ತಾನೆ. ಎಡ್ಮಂಡ್‌ನ ಮನಸ್ಸು ಕರಗುತ್ತದೆ, ಇದರಿಂದ ಒಳ್ಳೆಯದೇನಾದರೂ ಆದೀತು, ಮುಂದೆ ಹೇಳು ಅನ್ನುತ್ತಾನೆ. ಎಡ್ಗರ್ ಇನ್ನೂ ಹೇಳುತ್ತಾನೆ. ಅಕ್ಕತಂಗಿಯರು ಸತ್ತ ಸುದ್ದಿ ಬರುತ್ತದೆ. ಉಪಕಥೆಯ ಎಲ್ಲ ಗಂಟುಗಳೂ ಒಂದೊಂದಾಗಿ ಬಿಚ್ಚುತ್ತವೆ, ನಮಗೆ ಸಮಾಧಾನವಾಗುತ್ತಿರುತ್ತದೆ. ಆಗ ಕೆಂಟ್ ಬಂದು ರಾಜ ಎಲ್ಲಿ ಅಂತ ಕೇಳುತ್ತಾನೆ. ಆಲ್ಬನಿಗೆ ಥಟ್ಟನೆ ನೆನಪಾಗುತ್ತದೆ, ಎಷ್ಟು ದೊಡ್ಡ ವಿಷಯವನ್ನೇ ಮರೆತುಬಿಟ್ಟೆವಲ್ಲ ಅಂತ. ಅವನು ಮರೆತದ್ದು ಮಾತ್ರವಲ್ಲ, ನಾವೂ ಮರೆತಿದ್ದೆವು. ಉಪಕಥೆ ತನ್ನ ಗೆಲುವನ್ನು ಅನುಭವಿಸುತ್ತಾ ಕಳೆದ ಹೊತ್ತಿನಲ್ಲೇ ಸೆರೆಮನೆಯಲ್ಲಿ ಕಾರ್ಡೀಲಿಯಾಳ ಜೀವ ಹೋಯಿತು. ಒಂದು ಕಥೆಯ ನ್ಯಾಯವೇ ಇನ್ನೊಂದು ಕಥೆಯ ಸಮಯವನ್ನು ನುಂಗಿತು. ಒಳ್ಳೆಯ ಮಗ ಎಡ್ಗರ್‌ನ ಕೈಯಲ್ಲೇ ಇದು ಆಯಿತು ಅನ್ನುವುದು ನನಗೆ ಇವತ್ತಿಗೂ ಅರಗುವುದಿಲ್ಲ.

ಇದನ್ನು ಸಹಿಸಲಾಗದವರು ಹಿಂದೆಯೂ ಇದ್ದರು. 1681ರಲ್ಲಿ ನಹುಮ್ ಟೇಟ್ ಈ ನಾಟಕವನ್ನು ತಿದ್ದಿ ಬರೆದ. ಅವನ ಪ್ರತಿಯಲ್ಲಿ ಎಡ್ಗರ್ ಮತ್ತು ಕಾರ್ಡೀಲಿಯಾ ಮೊದಲಿನಿಂದಲೇ ಪ್ರೇಮಿಗಳು. ಎಡ್ಗರ್ ಸಮಯಕ್ಕೆ ಸರಿಯಾಗಿ ಸೆರೆಮನೆಗೆ ಬರುತ್ತಾನೆ, ಲಿಯರ್ ಬದುಕುತ್ತಾನೆ, ಮದುವೆ ಆಗುತ್ತದೆ. ಸುಮಾರು 150 ವರ್ಷ ರಂಗದ ಮೇಲೆ ನಡೆದದ್ದು ಈ ಪ್ರತಿಯೇ. ಎರಡು ಕಥೆಗಳನ್ನು ಪ್ರೀತಿಯಿಂದ ಹೊಲಿದುಬಿಟ್ಟರೆ ಅವು ಒಂದೇ ಕಡೆ ಎಳೆಯತೊಡಗುತ್ತವೆ. ಆಮೇಲೆ ಒಂದರ ಗೆಲುವು ಇನ್ನೊಂದಕ್ಕೆ ಸೋಲಾಗುವ ಸಂದರ್ಭವೇ ಹುಟ್ಟುವುದಿಲ್ಲ. ಟೇಟ್ ಕೊನೆಯ ದೃಶ್ಯವನ್ನು ಬದಲಿಸುವ ಮೊದಲೇ, ಆ ಪ್ರೇಮವನ್ನು ಹಾಕಿದಾಗಲೇ, ಢಿಕ್ಕಿಯನ್ನು ತೆಗೆದುಹಾಕಿದ್ದ.

ಇನ್ನು ಢಿಕ್ಕಿಯಾದ ಮೇಲೆ ಉಪಕಥೆಗೆ ಎಷ್ಟು ಜಾಗ ಕೊಡಬೇಕು ಎನ್ನುವುದೊಂದು ಉಳಿಯುತ್ತದೆ. ಗ್ಲಾಸ್ಟರ್‌ನ ಸಾವನ್ನು ನಾವು ನೋಡುವುದೇ ಇಲ್ಲ. ಎಡ್ಗರ್‌ನ ಮಾತಿನಲ್ಲಿ ಕೆಲವು ಸಾಲುಗಳಲ್ಲಿ ಕೇಳುತ್ತೇವೆ ಅಷ್ಟೇ. ರಂಗದ ಮೇಲೆ ಒಬ್ಬ ಮುದುಕ ತಂದೆ ಸತ್ತದ್ದನ್ನು ಒಮ್ಮೆ ತೋರಿಸಿಬಿಟ್ಟರೆ ಲಿಯರ್‌ನ ಸಾವು ಎರಡನೆಯದಾಗುತ್ತದೆ. ಎಡ್ಮಂಡ್ ಸತ್ತ ಅಂತ ಒಬ್ಬ ಬಂದು ಹೇಳಿದಾಗ ಆಲ್ಬನಿ, ಈಗ ಇಲ್ಲಿ ಅದೊಂದು ಸಣ್ಣ ವಿಷಯ ಅನ್ನುತ್ತಾನೆ. ಅಷ್ಟು ಹೊತ್ತು ನಾಟಕವನ್ನು ನಡೆಸಿದವನಿಗೆ ಸಿಕ್ಕಿದ್ದು ಅಷ್ಟೇ. ಗೆಳತಿ ಮುದುಕನ ಸಾವಿಗೆ ಒಂದು ಪೂರ್ತಿ ಅಧ್ಯಾಯ ಬರೆದಿದ್ದಳು, ಅವಳ ಅತಿ ಪ್ರೀತಿಯ ಅಧ್ಯಾಯ ಅದು. ಅದನ್ನು ತೆಗೆಯಲು ಅವಳಿಗೆ ತುಂಬಾ ಕಷ್ಟವಾಯಿತು, ನನಗೂ ಬೇಸರವಾಯಿತು. ಈಗಿನ ಪ್ರತಿಯಲ್ಲಿ ತಾಯಿ ಮಗಳ ಜಗಳದ ನಡುವೆ ವಾರ್ಡಿನಿಂದ ಫೋನ್ ಬರುತ್ತದೆ. ಮಗಳು ಕೇಳಿಸಿಕೊಂಡು, ‘ಅವರು ಹೋದ್ರಂತೆ’ ಅನ್ನುತ್ತಾಳೆ. ಜಗಳ ಮುಂದುವರಿಯುತ್ತದೆ.